ಗೃಹಸಾಲಕ್ಕೆ ತುಂಬಬೇಕೋ, ಹೂಡಿಕೆಗೆ ಹಾಕಬೇಕೋ?

“ತಿಂಗಳಾ ಹತ್ತು ಸಾವಿರ ಉಳೀತಾವ್ರಿ ಸರ್. ಮನಿ ಸಾಲಕ್ಕ ತುಂಬಲ್ಯೋ, ಎಸ್‌ಐಪಿಗೆ ಹಾಕಲ್ಯೋ?”

ಹುಬ್ಬಳ್ಳಿಯಲ್ಲಿ ಆದಾಯ ತೆರಿಗೆಯ ಲೆಕ್ಕ ನೋಡುವ ನನ್ನ ಬಳಿ ಈ ಮಾತು ಬಾರದ ವಾರವಿಲ್ಲ. ಮೊನ್ನೆ ಕೇಳಿದವರು ನವನಗರದಲ್ಲಿ ಮನೆ ಕಟ್ಟಿಸಿಕೊಂಡಿರುವ, 46 ವರ್ಷದ ಸರ್ಕಾರಿ ಪ್ರೌಢಶಾಲೆಯ ಶಿಕ್ಷಕಿ. ಅವರ ಲೆಕ್ಕವನ್ನೇ ಇಟ್ಟುಕೊಂಡು ಉತ್ತರಿಸುತ್ತೇನೆ. ನಾಲ್ಕು ವರ್ಷದ ಹಿಂದೆ ಅವರು 20 ವರ್ಷದ ಅವಧಿಗೆ 30 ಲಕ್ಷ ರೂಪಾಯಿ ಸಾಲ ಪಡೆದಿದ್ದರು. ಬಡ್ಡಿ ದರವನ್ನು ಉದ್ದಕ್ಕೂ ಶೇಕಡ 8.5 ಎಂದೇ ಹಿಡಿಯೋಣ. ಆಗ ಕಂತು 26,035 ರೂಪಾಯಿ ಆಗುತ್ತದೆ. ನಾಲ್ಕು ವರ್ಷದಲ್ಲಿ ಅವರು ಹನ್ನೆರಡೂವರೆ ಲಕ್ಷ ತುಂಬಿದ್ದರೂ ಅಸಲಿನಲ್ಲಿ ಕಡಿಮೆಯಾದದ್ದು 2 ಲಕ್ಷ 72 ಸಾವಿರ ಮಾತ್ರ. ಇನ್ನೂ 27 ಲಕ್ಷ 28 ಸಾವಿರ ಬಾಕಿ ಇದೆ.

ಉಳಿಯುವ ಹತ್ತು ಸಾವಿರವನ್ನು ಪ್ರತಿ ತಿಂಗಳು ಕಂತಿನ ಜೊತೆಗೆ ಅಸಲಿಗೆ ತುಂಬಿದರೆ, ಬಾಕಿ ಇರುವ 192 ತಿಂಗಳ ಸಾಲ 109 ತಿಂಗಳಿಗೆ ತೀರುತ್ತದೆ ಮತ್ತು ಬಡ್ಡಿಯಲ್ಲಿ ಸುಮಾರು 10 ಲಕ್ಷ 77 ಸಾವಿರ ಉಳಿಯುತ್ತದೆ. ಸಾಲ ತೀರಿಸಿ ಎನ್ನುವವರು ಈ ಅಂಕಿಯನ್ನು ತೋರಿಸುತ್ತಾರೆ. ಹೂಡಿಕೆ ಮಾಡಿ ಎನ್ನುವವರು ಅದೇ ಹತ್ತು ಸಾವಿರ 16 ವರ್ಷದಲ್ಲಿ 40 ಲಕ್ಷ ದಾಟುತ್ತದೆ ಎಂದು ತೋರಿಸುತ್ತಾರೆ. ಎರಡೂ ಅಂಕಿಗಳು ನಿಜವಾದರೂ ಅವುಗಳನ್ನು ಎದುರುಬದುರು ಇಟ್ಟು ಹೋಲಿಸುವುದು ತಪ್ಪು, ಏಕೆಂದರೆ ಬೇಗ ಸಾಲ ತೀರಿಸಿದವರ ಕೈಯಲ್ಲಿ ಕೊನೆಯ 83 ತಿಂಗಳು ಪೂರ್ತಿ 36,035 ರೂಪಾಯಿ ಬಿಡುವಾಗಿರುತ್ತದೆ. ಅದನ್ನೂ ಶೇಕಡ 8.5ರಂತೆ ಬೆಳೆಸಿದರೆ 16ನೇ ವರ್ಷದ ಕೊನೆಗೆ ಸುಮಾರು 40 ಲಕ್ಷ 60 ಸಾವಿರ ಆಗುತ್ತದೆ. ಮೊದಲಿನಿಂದ ಹತ್ತು ಸಾವಿರವನ್ನು ಅದೇ ದರದಲ್ಲಿ ಹೂಡಿದವರಿಗೂ ಸಿಗುವುದು ಅಷ್ಟೇ. ಅಂದರೆ ಸಾಲಕ್ಕೆ ತುಂಬಿದ ಹಣ ಸಾಲದ ಬಡ್ಡಿ ದರದಷ್ಟೇ ಗಳಿಸುತ್ತದೆ. ಆ ಗಳಿಕೆಗೆ ತೆರಿಗೆಯಿಲ್ಲ, ಅದರಲ್ಲಿ ನಷ್ಟದ ಭಯವೂ ಇಲ್ಲ.

ಆದ್ದರಿಂದ ಮೊದಲು ತಿಳಿಯಬೇಕಾದದ್ದು ಒಂದೇ ಸಂಖ್ಯೆ: ತೆರಿಗೆ ವಿನಾಯಿತಿಯನ್ನು ಕಳೆದ ಮೇಲೆ ನಿಮ್ಮ ಸಾಲ ನಿಮಗೆ ನಿಜವಾಗಿ ಎಷ್ಟು ಶೇಕಡಕ್ಕೆ ಬಿದ್ದಿದೆ? ಹೊಸ ತೆರಿಗೆ ಪದ್ಧತಿಯಲ್ಲಿ ಸ್ವಂತ ವಾಸದ ಮನೆಯ ಸಾಲದ ಬಡ್ಡಿಗೆ ಯಾವ ವಿನಾಯಿತಿಯೂ ಇಲ್ಲ. ಈ ಶಿಕ್ಷಕಿ ಆ ಪದ್ಧತಿಯಲ್ಲಿದ್ದಾರೆ. ಅವರ ಪಾಲಿಗೆ ಉತ್ತರ ಪೂರ್ತಿ 8.5.

ಹಳೆಯ ಪದ್ಧತಿಯಲ್ಲಿರುವವರ ಲೆಕ್ಕ ಬೇರೆ, ಮತ್ತು ಬಹಳ ಜನ ತಪ್ಪುವುದು ಇಲ್ಲಿಯೇ. ಅಲ್ಲಿ ವರ್ಷಕ್ಕೆ 2 ಲಕ್ಷದವರೆಗಿನ ಬಡ್ಡಿಗೆ ಮಾತ್ರ ವಿನಾಯಿತಿ ಉಂಟು. 8.5ರ ದರದಲ್ಲಿ 2 ಲಕ್ಷ ಬಡ್ಡಿ ಬರುವುದು ಸುಮಾರು 23 ಲಕ್ಷ 50 ಸಾವಿರದ ಬಾಕಿಗೆ. ಬಾಕಿ ಅದಕ್ಕಿಂತ ಮೇಲಿರುವವರೆಗೆ, ಮುಂಚಿತವಾಗಿ ತುಂಬಿದ ಹಣ ತಪ್ಪಿಸುವುದು ವಿನಾಯಿತಿಯೇ ಸಿಗದ ಬಡ್ಡಿಯನ್ನು. ಆಗ ಅವರ ಗಳಿಕೆಯೂ ಪೂರ್ತಿ 8.5. ಬಾಕಿ ಆ ಗೆರೆಯ ಕೆಳಗಿಳಿದ ಮೇಲೆ, 30 ಶೇಕಡದ ಹಂತದಲ್ಲಿರುವವರಿಗೆ ಸೆಸ್ ಸೇರಿ 31.2ರಷ್ಟು ಪ್ರಯೋಜನ ಕೈತಪ್ಪುವುದರಿಂದ, ಗಳಿಕೆ 5.85ಕ್ಕೆ ಇಳಿಯುತ್ತದೆ. ಇದೇ ಸಾಲ ಇದ್ದವರು ತಿಂಗಳಿಗೆ ಹತ್ತು ಸಾವಿರ ಹೆಚ್ಚಿಗೆ ತುಂಬಿದರೆ ಸುಮಾರು 21 ತಿಂಗಳಲ್ಲಿ ಆ ಗೆರೆಯನ್ನು ಮುಟ್ಟುತ್ತಾರೆ. ಅಲ್ಲಿಗೆ ನಿಲ್ಲಿಸಿ, ಅನಂತರದ ಹಣವನ್ನು ಪಿಪಿಎಫ್‌ಗೆ ಹಾಕುವುದು ಲಾಭದಾಯಕ. 2020ರ ಏಪ್ರಿಲ್‌ನಿಂದ ಅದರ ದರ 7.1 ಇದೆ, ಬಡ್ಡಿಗೆ ತೆರಿಗೆಯೂ ಇಲ್ಲ. ಅದರ ಅವಧಿ 15 ವರ್ಷ ಎಂಬುದನ್ನು ಮಾತ್ರ ಮರೆಯಬಾರದು.

ಈ ಸಂಖ್ಯೆ ಕೈಗೆ ಬಂದ ಮೇಲೆ ನಿಶ್ಚಿತ ಗಳಿಕೆಯನ್ನು ನಿಶ್ಚಿತ ಗಳಿಕೆಯೊಂದಿಗೇ ಹೋಲಿಸಬೇಕು. ಶಿಕ್ಷಕಿಯ 8.5ರ ಎದುರು ಪಿಪಿಎಫ್ ನಿಲ್ಲುವುದಿಲ್ಲ. ಸಾಲ ಕೊಟ್ಟ ಬ್ಯಾಂಕು ಸಾಲದ ಬಡ್ಡಿಗಿಂತ ಹೆಚ್ಚಿನ ಬಡ್ಡಿಯನ್ನು ಠೇವಣಿಗೆ ಕೊಟ್ಟು ಬದುಕಲಾರದು, ಆದ್ದರಿಂದ ಎಫ್‌ಡಿಯೂ ನಿಲ್ಲುವುದಿಲ್ಲ. ಸ್ಪರ್ಧೆಯಲ್ಲಿ ಉಳಿಯುವುದು ಷೇರು ಆಧಾರಿತ ಮ್ಯೂಚುವಲ್ ಫಂಡ್ ಒಂದೇ. ದೀರ್ಘಕಾಲದಲ್ಲಿ ಅದು ಹೆಚ್ಚು ಕೊಡುವ ಸಾಧ್ಯತೆ ಇದೆ, ಆದರೆ ಅದು ಸಾಧ್ಯತೆ ಮಾತ್ರ. 2020ರ ಜನವರಿಯಲ್ಲಿ 42 ಸಾವಿರದ ಆಸುಪಾಸಿನಲ್ಲಿದ್ದ ಸೆನ್ಸೆಕ್ಸ್ ಮಾರ್ಚ್ 23ರಂದು 26 ಸಾವಿರಕ್ಕಿಂತ ಕೆಳಗೆ ಬಂದು ನಿಂತಿತ್ತು. ಆ ವಾರ ಎಸ್‌ಐಪಿ ನಿಲ್ಲಿಸಿ ಹಣ ಹಿಂದೆಗೆದವರು ನನಗೆ ಪರಿಚಿತರಲ್ಲೇ ಇದ್ದಾರೆ. ಹತ್ತು ವರ್ಷಕ್ಕಿಂತ ಮೊದಲು ಆ ಹಣ ಬೇಕಾಗುವಂತಿದ್ದರೆ, ಅಥವಾ ಅಂಥ ವಾರದಲ್ಲಿ ಕೈ ಕಟ್ಟಿ ಕೂರಲು ಆಗದು ಎನಿಸಿದರೆ, ಸಾಲಕ್ಕೇ ತುಂಬುವುದು ಮೇಲು ಎಂಬುದು ನನ್ನ ಅಭಿಪ್ರಾಯ.

ಶಿಕ್ಷಕಿಯ ವಿಷಯದಲ್ಲಿ ತಕ್ಕಡಿಯನ್ನು ವಾಲಿಸಿದ್ದು ವಯಸ್ಸು. ಸಾಲ ತನ್ನ ಪಾಡಿಗೆ ನಡೆದರೆ ಅವರ 62ನೇ ವಯಸ್ಸಿಗೆ ಮುಗಿಯುತ್ತದೆ, ಅವರ ನಿವೃತ್ತಿಯೋ 60ಕ್ಕೆ. ಹತ್ತು ಸಾವಿರ ಸೇರಿಸಿ ತುಂಬಿದರೆ 55 ತುಂಬಿದ ಕೆಲವೇ ತಿಂಗಳಲ್ಲಿ ಸಾಲ ತೀರುತ್ತದೆ, ಮುಂದೆ ಐದು ವರ್ಷ ಸಂಬಳ ಇರುವಾಗಲೇ ತಿಂಗಳಿಗೆ 36 ಸಾವಿರ ಕೂಡಿಡಬಹುದು. ಆದ್ದರಿಂದ ಸಾಲಕ್ಕೆ ತುಂಬಿರಿ ಎಂದೆ. ಆದರೆ ಅದಕ್ಕೂ ಮೊದಲು ಆರು ತಿಂಗಳ ಮನೆಖರ್ಚು ಮತ್ತು ಕಂತು, ಅವರ ಲೆಕ್ಕದಲ್ಲಿ ಸುಮಾರು 3 ಲಕ್ಷ, ಎಫ್‌ಡಿಯಲ್ಲಿ ಇರಲೇಬೇಕೆಂದು ಹೇಳಿದೆ, ಏಕೆಂದರೆ ಸಾಮಾನ್ಯ ಗೃಹಸಾಲಕ್ಕೆ ತುಂಬಿದ ಹಣವನ್ನು ಆಸ್ಪತ್ರೆಯ ಖರ್ಚು ಬಂತೆಂದು ಮರಳಿ ಪಡೆಯಲಾಗದು. 32ರ ವಯಸ್ಸಿನವರು, ನಿವೃತ್ತಿಗೆ ಏನೂ ಕೂಡಿಡದವರು ಇದೇ ಪ್ರಶ್ನೆ ಕೇಳಿದ್ದರೆ ಅರ್ಧವನ್ನಾದರೂ ಎಸ್‌ಐಪಿಗೆ ಹಾಕಿ ಎನ್ನುತ್ತಿದ್ದೆ.

ತುಂಬುವ ಕ್ರಮದಲ್ಲೂ ಎಚ್ಚರ ಬೇಕು. ನನ್ನದೇ ಸಾಲಕ್ಕೆ ಒಮ್ಮೆ 50 ಸಾವಿರ ಹೆಚ್ಚಿಗೆ ತುಂಬಿದ್ದೆ. ನಾಲ್ಕು ತಿಂಗಳ ಬಳಿಕ ಸ್ಟೇಟ್‌ಮೆಂಟ್ ತೆಗೆಸಿ ನೋಡಿದರೆ ಅಸಲು ಮಾಮೂಲಿನಷ್ಟೇ ಇಳಿದಿತ್ತು. ಬ್ಯಾಂಕಿನವರು ಆ ಹಣವನ್ನು ಮುಂದಿನ ಕಂತುಗಳ ಮುಂಗಡವೆಂದು ಹಿಡಿದಿದ್ದರು. ಆದ್ದರಿಂದ ಅರ್ಜಿಯಲ್ಲಿ ಎರಡು ಮಾತು ಸ್ಪಷ್ಟವಾಗಿ ಬರೆಯಿರಿ: ಇದು ಅಸಲಿಗೆ ಜಮಾ ಆಗಬೇಕಾದ ಪಾರ್ಟ್ ಪೇಮೆಂಟ್, ಮತ್ತು ಕಂತು ಹಾಗೆಯೇ ಇರಲಿ, ಅವಧಿ ಕಡಿಮೆಯಾಗಲಿ. ಬದಲಾಗುವ ಬಡ್ಡಿ ದರದ ಗೃಹಸಾಲವನ್ನು ವ್ಯಕ್ತಿಗಳು ಮುಂಚಿತವಾಗಿ ತುಂಬಿದರೆ ದಂಡ ವಿಧಿಸುವಂತಿಲ್ಲ ಎಂಬುದು ರಿಸರ್ವ್ ಬ್ಯಾಂಕಿನ ನಿಯಮ. ಸ್ಥಿರ ದರದ ಸಾಲವಾಗಿದ್ದರೆ ಮಾತ್ರ ಒಪ್ಪಂದದ ಪತ್ರವನ್ನು ಮೊದಲು ಓದಬೇಕು. ಹಣ ತುಂಬಿದ ಮುಂದಿನ ತಿಂಗಳು ಸ್ಟೇಟ್‌ಮೆಂಟ್‌ನಲ್ಲಿ ಬಾಕಿ ಅಸಲಿನ ಸಾಲನ್ನು ನೋಡಿ. ನೀವು ಹೆಚ್ಚಿಗೆ ತುಂಬಿದ ಪೂರ್ತಿ ಮೊತ್ತ, ಮಾಮೂಲಿ ಕಂತಿನ ಅಸಲಿನ ಭಾಗದ ಜೊತೆ, ಅಲ್ಲಿ ಇಳಿದಿರಬೇಕು. ಇಳಿದಿಲ್ಲವಾದರೆ ಅದೇ ವಾರ ಶಾಖೆಗೆ ಲಿಖಿತ ಅರ್ಜಿ ಕೊಟ್ಟು ಸ್ವೀಕೃತಿಯ ಮುದ್ರೆ ಹಾಕಿಸಿಕೊಳ್ಳಿ.