ಹಾಡಿನ ಪಟ್ಟಿ ನಾನು ಕಳಿಸುವುದಿಲ್ಲ

"ಅಣ್ಣಾರೆ, ಮುಂದಿನ ತಿಂಗಳು ಮಗಳ ಮದುವಿ ಅದ. ಯಾವ್ಯಾವ ಹೊತ್ತಿಗೆ ಯಾವ್ಯಾವ ಹಾಡು ಹಚ್ಚಬೇಕು, ಒಂದು ಲಿಸ್ಟ್ ಕಳಸ್ರಿ."

ಕಲಬುರಗಿಯಲ್ಲಿ ಹಾರ್ಮೋನಿಯಂ ನುಡಿಸುವವನೆಂದು ಗೊತ್ತಾದ ದಿನದಿಂದ ಈ ಮಾತು ನನ್ನನ್ನು ಬಿಟ್ಟಿಲ್ಲ. ಮೊದಮೊದಲು ಕುಳಿತು ಬರೆದು ಕಳಿಸುತ್ತಿದ್ದೆ; ಈಗ ಕಳಿಸುವುದಿಲ್ಲ. ನನ್ನ ಪಟ್ಟಿ ಹಿಡಿದುಕೊಂಡು ನಡೆದ ಮದುವೆಗಳಿಗೆ ನಾನೇ ಊಟಕ್ಕೆ ಹೋಗಿ ನೋಡಿದ್ದೇನೆ. ಹಾಡುಗಳು ಚೆನ್ನಾಗಿಯೇ ಇದ್ದವು. ಆದರೆ ಅವು ಬರಬೇಕಾದ ಗಳಿಗೆಗೆ ಬರಲಿಲ್ಲ, ನಿಲ್ಲಬೇಕಾದ ಗಳಿಗೆಗೆ ನಿಲ್ಲಲಿಲ್ಲ. "ಹಚ್ಚಬೇಕು" ಎಂಬ ಮಾತಿನಲ್ಲೇ ನನಗೆ ತಕರಾರಿದೆ. ಹಚ್ಚುವುದು ದೀಪವನ್ನು, ಅರಿಷಿಣವನ್ನು. ಮದುವೆಯಲ್ಲಿ ವಾದ್ಯ ನುಡಿಸುವವರು ಉಸಿರು ಹಿಡಿದು, ಬೆವರು ಸುರಿಸಿ ನುಡಿಸುತ್ತಾರೆ.

ನನ್ನ ತಂಗಿಯ ಮದುವೆ ಆಳಂದ ತಾಲ್ಲೂಕಿನ ಒಂದು ಊರಿನಲ್ಲಿ ಆಯಿತು. ಮಹಾರಾಷ್ಟ್ರದ ಗಡಿಗೆ ಹತ್ತಿರವಾದ್ದರಿಂದ ಅಲ್ಲಿ ವಧೂವರರ ನಡುವೆ ಅಂತರಪಟ ಹಿಡಿದು, ಮಂಗಳಾಷ್ಟಕವನ್ನು ರಾಗವಾಗಿ ಹೇಳುವ ಪದ್ಧತಿ ಗಟ್ಟಿಯಾಗಿದೆ. ಭಜಂತ್ರಿಯವರನ್ನು ಮಂಟಪದ ಬಾಗಿಲ ಹೊರಗೆ ನಿಲ್ಲಿಸಿದ್ದರು. ಐದನೆಯ ಶ್ಲೋಕ ನಡೆಯುತ್ತಿದ್ದಾಗ ಒಳಗೆ ಯಾರೋ ಹಿರಿಯರು ನೀರು ಬೇಕೆಂದು ಕೈ ಎತ್ತಿದರು. ಬಾಗಿಲಲ್ಲಿದ್ದವನು ಅದನ್ನೇ ಭಟ್ಟರ ಸನ್ನೆ ಎಂದುಕೊಂಡು "ಬಾರಿಸ್ರೋ" ಎಂದ. ಶಹನಾಯಿ, ಸಂಬಾಳ, ಹಲಗಿ ಎಲ್ಲವೂ ಒಮ್ಮೆಗೇ ಎದ್ದವು, ಜನ ಕೈಯಲ್ಲಿದ್ದ ಅಕ್ಕಿಕಾಳನ್ನೆಲ್ಲ ಎಸೆದುಬಿಟ್ಟರು, ಮತ್ತು ತಾಳಿ ಕಟ್ಟುವ ನಿಜವಾದ ಕ್ಷಣ ಬಂದಾಗ ಎಸೆಯಲು ಯಾರ ಕೈಯಲ್ಲೂ ಕಾಳಿರಲಿಲ್ಲ. ಉಳಿದ ಮೂರು ಶ್ಲೋಕಗಳನ್ನು ಭಟ್ಟರು ಹೇಳಿದರು. ಪಕ್ಕದಲ್ಲಿ ನಿಂತಿದ್ದ ನನಗೂ ಒಂದಕ್ಷರ ಕೇಳಿಸಲಿಲ್ಲ.

ಅಂದು ಭಜಂತ್ರಿಯವರನ್ನು ಎಲ್ಲರೂ ಬೈದರು. ತಪ್ಪು ಅವರದ್ದಾಗಿರಲಿಲ್ಲ. ಜನರೆಲ್ಲ ಕುಳಿತಿರುವಾಗ ಬಾಗಿಲಿನಿಂದ ಭಟ್ಟರ ಕೈ ಸ್ಪಷ್ಟವಾಗಿ ಕಾಣುತ್ತದೆ, ಆದ್ದರಿಂದ ಬೆಳಿಗ್ಗೆ ಬಂದು ಜಾಗ ನೋಡಿದವರಿಗೆ ಎಲ್ಲವೂ ಸರಿಯಾಗಿದೆ ಎನ್ನಿಸುತ್ತದೆ. ಮಂಗಳಾಷ್ಟಕ ಶುರುವಾದ ಕೂಡಲೇ ಎಲ್ಲರೂ ಕಾಳು ಹಿಡಿದು ಎದ್ದು ನಿಲ್ಲುತ್ತಾರೆ, ಮುಂದಿನವರು ವೇದಿಕೆಯ ಕಡೆ ಒತ್ತುತ್ತಾರೆ, ವಿಡಿಯೊದವನು ಏಣಿ ಹಾಕುತ್ತಾನೆ. ವಾದ್ಯದವರಿಗೆ ಸನ್ನೆ ಅತ್ಯಂತ ಬೇಕಾದ ಹೊತ್ತಿಗೇ ವೇದಿಕೆ ಅವರ ಕಣ್ಣಿಗೆ ಮರೆಯಾಗಿರುತ್ತದೆ.

ಹೀಗಾಗಿ, ಯಾವ ಹಾಡು ಎಂದು ಕೇಳುವವರು "ಮುಹೂರ್ತದ ಹೊತ್ತಿಗೆ ವಾದ್ಯದವರು ಎಲ್ಲಿ ನಿಂತಿರಬೇಕು, ಅವರು ಯಾರ ಕೈ ನೋಡಬೇಕು?" ಎಂದು ಒಮ್ಮೆ ಕೇಳಿದ್ದರೆ ನಾನು ಇಡೀ ಸಂಜೆ ಕುಳಿತು ಹೇಳುತ್ತಿದ್ದೆ. ಇದುವರೆಗೆ ಯಾರೂ ಕೇಳಿಲ್ಲ, ಆದ್ದರಿಂದ ಕೇಳದೆಯೇ ಹೇಳುತ್ತೇನೆ.

ಅದೇ ತಂಗಿಯ ಮಗಳ ಮದುವೆ ಕಲಬುರಗಿಯಲ್ಲಿ ನಡೆದಾಗ ವಾದ್ಯದ ಹೊಣೆಯನ್ನು ನಾನೇ ಕೇಳಿ ಪಡೆದೆ. ಮುಹೂರ್ತ 12:35ಕ್ಕಿತ್ತು. ಹಿಂದಿನ ದಿನವೇ ಭಟ್ಟರ ಬಳಿ ಹೋಗಿ ಎಷ್ಟು ಶ್ಲೋಕ ಹೇಳುತ್ತೀರಿ, ಕೊನೆಯದು ಯಾವುದು ಎಂದು ಕೇಳಿಕೊಂಡೆ. ಹೆಸರು ಅಷ್ಟಕವಾದರೂ ಕೆಲವರು ಐದಕ್ಕೇ ಮುಗಿಸುತ್ತಾರೆ, ಕೆಲವರು ಮನೆಯವರು ಬರೆದುಕೊಟ್ಟ ಕನ್ನಡದ ಅಥವಾ ಮರಾಠಿಯ ಪದ್ಯವನ್ನೂ ಸೇರಿಸುತ್ತಾರೆ. ಅವರು ಎಂಟು ಹೇಳಿ, ಕಡೆಗೆ "ತದೇವ ಲಗ್ನಂ" ಎಂದು ಮುಗಿಸುವುದಾಗಿ ಹೇಳಿದರು. ಈ ಶ್ಲೋಕಗಳು ಸಾಮಾನ್ಯವಾಗಿ ಶಾರ್ದೂಲವಿಕ್ರೀಡಿತದಲ್ಲಿರುತ್ತವೆ. ಸಾಲಿಗೆ 19 ಅಕ್ಷರದಂತೆ ನಾಲ್ಕು ಸಾಲನ್ನು ನಿಧಾನವಾಗಿ ಎಳೆದು ಹಾಡಿದರೆ ಒಂದಕ್ಕೆ ಮುಕ್ಕಾಲು ನಿಮಿಷ, ಎಂಟಕ್ಕೆ ಆರು ನಿಮಿಷ ಬೇಕು. ಹಾಗಾಗಿ 12:29ಕ್ಕೆ ಮೊದಲನೆಯದು ಶುರುವಾಗಬೇಕೆಂದು ಇಬ್ಬರೂ ಗೊತ್ತುಮಾಡಿಕೊಂಡೆವು.

ಆ ಆರು ನಿಮಿಷ ಶಹನಾಯಿ ರಾಗ ನುಡಿಸಕೂಡದು. ಭಟ್ಟರು ತಮ್ಮ ಕಂಠಕ್ಕೆ ಹಿತವಾದ ಶ್ರುತಿಯಲ್ಲಿ ಹೇಳುತ್ತಾರೆ, ಶಹನಾಯಿಯ ಶ್ರುತಿ ಅದರ ಕೊಳವೆಗೇ ಅಂಟಿಕೊಂಡಿರುತ್ತದೆ. ಎರಡೂ ಒಂದಾಗುವುದು ಅಪರೂಪ. ಹಿನ್ನೆಲೆಗೆ ಮೆಲ್ಲಗೆ ಇರಲಿ ಎಂದು ನುಡಿಸಿದರೆ, ಭಟ್ಟರು ಮೂರನೆಯ ಶ್ಲೋಕಕ್ಕೆ ಬರುವಷ್ಟರಲ್ಲಿ ತಮಗರಿವಿಲ್ಲದೆ ಶಹನಾಯಿಯ ಕಡೆ ಜಾರಿ, ಮೇಲಿನ ಸಾಲು ಮುಟ್ಟಲಾಗದೆ ಗಂಟಲು ಕಟ್ಟಿಕೊಳ್ಳುತ್ತಾರೆ. ನಾನು ಅವರ ಶ್ರುತಿ ಕೇಳಿಕೊಂಡು ಹಾರ್ಮೋನಿಯಂನಲ್ಲಿ ಷಡ್ಜ ಪಂಚಮ ಮಾತ್ರ ಹಿಡಿದು ಕುಳಿತೆ.

ಸನ್ನೆಗೆ ನನ್ನ ಅಳಿಯನೊಬ್ಬನನ್ನು ಬಾಗಿಲ ಬಳಿ ಕುರ್ಚಿಯ ಮೇಲೆ ನಿಲ್ಲಿಸಿ ಕೈಗೆ ಕೆಂಪು ವಸ್ತ್ರ ಕೊಟ್ಟೆ. ಕೈ ಎತ್ತುವವರು ನೂರು ಜನ ಇರುತ್ತಾರೆ, ಕೆಂಪು ವಸ್ತ್ರ ಎತ್ತುವವನು ಒಬ್ಬನೇ. ಅವನು ನೋಡಬೇಕಾದದ್ದು ಅಂತರಪಟವನ್ನು. ಅದು ಸರಿದಾಗ ವಸ್ತ್ರ ಮೇಲೇಳಬೇಕು, ವಸ್ತ್ರ ಕಂಡರೆ ಮಾತ್ರ ವಾದ್ಯ ಏಳಬೇಕು. ಭಜಂತ್ರಿಯವರಿಗೆ 11 ಗಂಟೆಯೊಳಗೇ ಊಟ ಹಾಕಿಸಿದೆ. ನಸುಕಿನಿಂದ ಊದುತ್ತಿರುವವರನ್ನು ಕೊನೆಯ ಪಂಕ್ತಿಗೆ ಕೂರಿಸುವ ನಮ್ಮ ರೂಢಿ ನನಗೆ ಸ್ವಲ್ಪವೂ ಸೇರುವುದಿಲ್ಲ. ಮುಹೂರ್ತದ ಹೊತ್ತಿಗೆ ಅವರಲ್ಲೊಬ್ಬ ನೀರು ಹುಡುಕಿಕೊಂಡು ಹೋಗಿದ್ದರೆ ಆ ಪಾಪ ಯಜಮಾನನದು.

ಮೆರವಣಿಗೆಯನ್ನು ಹಿಂದಿನಿಂದ ಲೆಕ್ಕ ಹಾಕಬೇಕು. ಹನುಮಪ್ಪನ ಗುಡಿಯಿಂದ ಮಂಟಪಕ್ಕೆ ಸುಮಾರು 700 ಮೀಟರ್, ಮದುವೆಯ ನಡಿಗೆಯಲ್ಲಿ 20 ನಿಮಿಷ. ಹುಡುಗರು ಕುಣಿಯಲು ಆರು ಕಡೆ ಐದೈದು ನಿಮಿಷ ನಿಂತರೆ 30. ಬಾಗಿಲ ಆರತಿಗೆ 10, ಮದುಮಗ ಕೈಕಾಲು ತೊಳೆದು ಮಣೆಗೆ ಬರಲು 15. ಒಟ್ಟು 75 ನಿಮಿಷ. ಆದ್ದರಿಂದ 11:10ಕ್ಕೆ ಗುಡಿ ಬಿಟ್ಟೆವು. ಬ್ಯಾಂಡಿನವರಿಗೆ ನಾನು ಹಾಡು ಹೇಳಲಿಲ್ಲ, ಕುಣಿತದ ಹಾಡು ಮುಗಿಯಬೇಕಾದ ಜಾಗ ತೋರಿಸಿದೆ. ಮಂಟಪ ಕಾಣುವ ತಿರುವಿನಲ್ಲಿ ಬ್ಯಾಂಡ್ ನಿಂತಿತು, ಶಹನಾಯಿ ಒಂದೇ ಮುಂದೆ ಬಂದು ವೃಂದಾವನಿ ಸಾರಂಗ ಎತ್ತಿಕೊಂಡಿತು. ಅದು ಮಧ್ಯಾಹ್ನದ ರಾಗ, ಆ ಬಿಸಿಲಿಗೆ ಒಪ್ಪುತ್ತದೆ. ಲಯ ಇಳಿದ ಮೇಲೆ ಕುಣಿಯುವವರೂ ತಾವಾಗಿಯೇ ನಡೆಯತೊಡಗಿದರು, ಯಾರನ್ನೂ ಗದರಿಸಬೇಕಾಗಲಿಲ್ಲ. ಮಂಟಪದ ಬಾಗಿಲಲ್ಲೇ ಬ್ಯಾಂಡ್ ಜೋರು ಮಾಡಿದರೆ ಯಾವ ಮದುಮಗನೂ ಸಮಯಕ್ಕೆ ಒಳಗೆ ಬರುವುದಿಲ್ಲ.

ಅಂದು ವಾದ್ಯ ಎದ್ದಾಗ ಕಾಳು ಎಲ್ಲರ ಕೈಯಲ್ಲಿತ್ತು. ತಂಗಿ ಆಮೇಲೆ ಬಂದು "ಅಣ್ಣಾ, ಈ ಸಲ ಎಂಟೂ ಕೇಳಿಸಿದವು" ಎಂದಳು.

ಸಂಜೆಯ ಆರತಕ್ಷತೆಯ ಬಗ್ಗೆ ನಾನು ಹೆಚ್ಚು ಹೇಳುವುದಿಲ್ಲ. ಯಮನ್, ಭೂಪ, ದುರ್ಗಾ, ವಚನ, ಭಾವಗೀತೆ, ಏನು ಹಾಡಿಸಿದರೂ ಸೊಗಸೇ. ಆದರೆ ಸ್ಪೀಕರನ್ನು ಊಟದ ಸಾಲಿನ ಕಡೆ ತಿರುಗಿಸಬೇಡಿ. ಪಕ್ಕದವರೊಡನೆ ಮಾತಾಡಲು ಗಂಟಲು ಏರಿಸಬೇಕಾದರೆ ಸದ್ದು ಹೆಚ್ಚಾಗಿದೆ ಎಂದು ತಿಳಿಯಿರಿ. ರಾತ್ರಿ 10ರ ನಂತರ ಬಯಲಿನಲ್ಲಿ ಧ್ವನಿವರ್ಧಕ ಬಳಸುವಂತಿಲ್ಲ ಎಂಬುದು 2000ದ ಶಬ್ದಮಾಲಿನ್ಯ ನಿಯಮದಲ್ಲಿದೆ; ಸರ್ಕಾರ ನಿಶ್ಶಬ್ದ ವಲಯವೆಂದು ಘೋಷಿಸಿದ ಆಸ್ಪತ್ರೆ, ಶಾಲೆಗಳ ಸುತ್ತ 100 ಮೀಟರಿನಲ್ಲಿ ಹಗಲಿನಲ್ಲೂ ಮೆರವಣಿಗೆ ಮೌನವಾಗಿ ದಾಟಬೇಕು. ತತ್ತ್ವಪದ ಹಾಡಿಸುವವರು ಸಾಹಿತ್ಯವನ್ನು ಮೊದಲೇ ಓದಿಸಿ ಕೇಳಿ. ನಮ್ಮ ಭಾಗದ ತತ್ತ್ವಪದಗಳಲ್ಲಿ ದೇಹ ಬಿಟ್ಟುಹೋಗುವ ಮಾತೇ ಹೆಚ್ಚು, ರಾಗದ ಸೊಗಸಿಗೆ ಮರುಳಾದವರಿಗೆ ಅದು ಎರಡನೆಯ ಚರಣದಲ್ಲಿ ತಿಳಿಯುತ್ತದೆ.

ಮಗಳನ್ನು ಒಪ್ಪಿಸಿಕೊಡುವಾಗ ಭೈರವಿ ನುಡಿಸಲೇ ಎಂದು ಭಜಂತ್ರಿಯವರು ನನ್ನನ್ನು ಕೇಳಿದರು. ಬೇಡವೆಂದೆ. ಅಷ್ಟರಲ್ಲಿ ಮನೆಯ ಹಿರಿಯ ಹೆಂಗಸರು ಮೈಕಿಲ್ಲದೆ, ಶ್ರುತಿಯಿಲ್ಲದೆ ಸೋಬಾನೆ ಎತ್ತಿಕೊಂಡಿದ್ದರು. ನಾನು ಹಾರ್ಮೋನಿಯಂ ಮುಚ್ಚಿ ಗವಸು ಹಾಕಿದೆ.