ಆ್ಯಡ್ ರಿಪೋರ್ಟ್ ಶೀಟ್: ಸರಾಸರಿಯ ಪಕ್ಕಕ್ಕೆ ಮೀಡಿಯನ್ ಕೊನೆಗೂ ಬಂತು

ನನ್ನ ಪುಟ್ಟ ನೋಟ್‌ಬುಕ್ ಅಂಗಡಿಯ ಆ್ಯಡ್ ಶೀಟ್ ಈಗ ನಂಬುವ ಹಾಗಾಗಿದೆ. ಟ್ಯಾಗ್ ಹಾಕುವುದು, ಆರ್ಡರ್ ಫೈಲ್ ಇಳಿಸುವುದು, ಖರ್ಚಿನ ಸಾಲು ಸೇರಿಸುವುದು ಎಲ್ಲ ನಿಮಗೆ ಗೊತ್ತಿರುವುದೇ, ಅದನ್ನು ಬಿಡೋಣ. ಈ ಸಲ ನನ್ನನ್ನು ಸತಾಯಿಸಿದ್ದು ಒಂದೇ ಕಾಲಮ್ಮು: ಸರಾಸರಿ ಆರ್ಡರ್ ಮೌಲ್ಯ, ಅಂದರೆ ಎಒವಿ.

ಎರಡು ಕ್ಯಾಂಪೇನ್ ಓಡುತ್ತಿದ್ದವು. ಒಂದು ಬಿಡಿ ನೋಟ್‌ಬುಕ್‌ಗೆ, ಇನ್ನೊಂದು ಸೆಟ್‌ಗೆ. ಎರಡಕ್ಕೂ 20 ಆರ್ಡರ್ ಬಂದಿದ್ದವು. ಬಿಡಿಯ ಎಒವಿ 1,100, ಸೆಟ್‌ನದು 800. ಬಿಡಿಗೆ ಖರ್ಚು 9,000, ಮಾರಾಟ 22,000, ಅಂದರೆ ಖರ್ಚಿನ ಒಂದು ರೂಪಾಯಿಗೆ ಬಂದ ಮಾರಾಟ, ರೋಆಸ್, 2.44. ಸೆಟ್‌ಗೆ ಖರ್ಚು 8,000, ಮಾರಾಟ 16,000, ರೋಆಸ್ 2. ಕಾಗದ, ಪ್ಯಾಕಿಂಗ್, ಕೊರಿಯರ್, ಪೇಮೆಂಟ್ ಶುಲ್ಕ ಎಲ್ಲ ಕಳೆದರೆ ನನ್ನ ಕೈಗೆ ಉಳಿಯುವುದು ಮಾರಾಟದ 60%. ಹಾಗಾಗಿ ರೋಆಸ್ 1.67 ದಾಟಿದರೆ ಮಾತ್ರ ಲಾಭ. ಇಷ್ಟೇ ನೋಡಿದರೆ ಯಾರಾದರೂ ಬಿಡಿ ಕ್ಯಾಂಪೇನ್‌ಗೆ ದುಡ್ಡು ಹೆಚ್ಚಿಸುತ್ತಾರೆ, ಅಲ್ವಾ?

ಆದರೆ ಬಿಡಿ ನೋಟ್‌ಬುಕ್ಕಿನ ಬೆಲೆಯೇ 400 ಮತ್ತು 600. ಅದರಲ್ಲಿ ಸರಾಸರಿ 1,100 ಹೇಗೆ ಬರುತ್ತದೆ? ಅದನ್ನು ನೋಡಬೇಕೆಂದರೆ ಆರ್ಡರ್‌ಗಳು ಒಂದೊಂದಾಗಿ ಬೇಕು. ಇಲ್ಲೇ ತಲೆ ಕೆಟ್ಟಿದ್ದು. ನಾನು ಬಳಸುವ ಜಾಹೀರಾತು ವೇದಿಕೆ ಕೊಡುವ ಫೈಲ್‌ನಲ್ಲಿ ದಿನಕ್ಕೊಂದು ಸಾಲು: ಎಷ್ಟು ಖರೀದಿ, ಒಟ್ಟು ಎಷ್ಟು ಮೌಲ್ಯ. ಭಾಗಿಸಿದರೆ ಸರಾಸರಿ ಸಿಗುತ್ತದೆ, ಆರ್ಡರ್‌ಗಳನ್ನು ಚಿಕ್ಕದರಿಂದ ದೊಡ್ಡದಕ್ಕೆ ಇಟ್ಟಾಗ ನಟ್ಟನಡುವೆ ಬರುವ ಮೌಲ್ಯ, ಅಂದರೆ ಮೀಡಿಯನ್, ಸಿಗುವುದಿಲ್ಲ. ದಿನದ ಸರಾಸರಿಗಳನ್ನೆಲ್ಲ ಸಾಲಾಗಿ ಇಟ್ಟು ಅವುಗಳ ಮೀಡಿಯನ್ ತೆಗೆಯಬಹುದಲ್ಲ ಅಂತ ಅನ್ನಿಸುತ್ತದೆ, ಆದರೆ ಅದು ದಿನಗಳ ಮೀಡಿಯನ್ನು, ಆರ್ಡರ್‌ಗಳದ್ದಲ್ಲ. ಒಂದೇ ಆರ್ಡರ್ ಬಂದ ದಿನಕ್ಕೂ ಆರು ಬಂದ ದಿನಕ್ಕೂ ಅಲ್ಲಿ ಒಂದೇ ತೂಕ. ದುಡ್ಡು ಕೊಟ್ಟು ಬಳಸುವ ಸೇವೆಯಲ್ಲಿ ಆರ್ಡರ್ ಸಂಖ್ಯೆಯ ಒಂದು ಕಾಲಮ್ ಕೊಟ್ಟರೆ ಇವರ ಗಂಟೇನು ಹೋಗುತ್ತಿತ್ತು?

ದಾರಿ ಸಿಕ್ಕಿದ್ದು ಅಂಗಡಿಯ ಕಡೆಯಿಂದ. ಗ್ರಾಹಕರು ಬಂದ ಲಿಂಕಿನಲ್ಲಿ ಕ್ಯಾಂಪೇನ್ ಹೆಸರು ಹೇಳುವ ಟ್ಯಾಗ್ utm_campaign ಅನ್ನು ಆರ್ಡರ್ ಜೊತೆಗೇ ಉಳಿಸುವ ಹಾಗೆ ಮಾಡಿದೆ. ಖರ್ಚು ಮಾತ್ರ ವೇದಿಕೆಯಿಂದ, ಆರ್ಡರ್ ಮೌಲ್ಯ ಅಂಗಡಿಯಿಂದ. ಎರಡು ಕಡೆಯ ಆರ್ಡರ್ ಸಂಖ್ಯೆ ಯಾವಾಗಲೂ ತಾಳೆಯಾಗುವುದಿಲ್ಲ, ಏಕೆಂದರೆ ವೇದಿಕೆ ಕ್ಲಿಕ್ ಆಗಿ ಕೆಲವು ದಿನ ಕಳೆದ ಮೇಲೆ ಬಂದ ಖರೀದಿಯನ್ನೂ ತನ್ನ ಲೆಕ್ಕಕ್ಕೆ ಹಾಕಿಕೊಳ್ಳುತ್ತದೆ. ನನಗೆ ಅಂಗಡಿಯ ಲೆಕ್ಕವೇ ಸಾಕು. ಆಮೇಲೆ ಸೂತ್ರ ಸುಲಭ. orders ಹಾಳೆಯ B ಕಾಲಮ್ಮಿನಲ್ಲಿ ಕ್ಯಾಂಪೇನ್, C ಕಾಲಮ್ಮಿನಲ್ಲಿ ಮೌಲ್ಯ, ರಿಪೋರ್ಟ್ ಹಾಳೆಯ A2ನಲ್ಲಿ ಕ್ಯಾಂಪೇನ್ ಹೆಸರು:

```
=MEDIAN(FILTER(orders!C:C, orders!B:B=A2))
=MAXIFS(orders!C:C, orders!B:B, A2)
=(SUMIF(orders!B:B,A2,orders!C:C)-MAXIFS(orders!C:C,orders!B:B,A2))/(COUNTIF(orders!B:B,A2)-1)
```

ಮೂರನೆಯದೇ ನನಗೆ ತುಂಬಾ ಇಷ್ಟ. ಅತಿ ದೊಡ್ಡ ಒಂದು ಆರ್ಡರ್ ತೆಗೆದರೆ ಸರಾಸರಿ ಎಷ್ಟಾಗುತ್ತದೆ ಎಂದು ಅದು ಹೇಳುತ್ತದೆ.

ಬಿಡಿ ಕ್ಯಾಂಪೇನ್‌ನಲ್ಲಿ ಹತ್ತು ಆರ್ಡರ್ 400ರದ್ದು, ಒಂಬತ್ತು 600ರದ್ದು, ಮತ್ತೆ ಒಂದೇ ಒಂದು 12,600ರದ್ದು! ಮೀಡಿಯನ್ 500. ದೊಡ್ಡದನ್ನು ತೆಗೆದರೆ ಸರಾಸರಿ 1,100ರಿಂದ 495ಕ್ಕೆ ಇಳಿಯುತ್ತದೆ, ರೋಆಸ್ 2.44ರಿಂದ 1.04ಕ್ಕೆ. ಅಂದರೆ ಉಳಿದ ಹತ್ತೊಂಬತ್ತು ಆರ್ಡರ್‌ಗಳಿಂದ ಕೈಗೆ ಬಂದಿದ್ದು 5,640, ಜಾಹೀರಾತಿಗೆ ಹೋಗಿದ್ದು 9,000. ಸೆಟ್ ಕ್ಯಾಂಪೇನ್‌ನಲ್ಲಿ ಎಲ್ಲ ಆರ್ಡರ್‌ಗಳೂ 700ರಿಂದ 900ರ ಒಳಗೆ. ಮೀಡಿಯನ್ 800, ದೊಡ್ಡದನ್ನು ತೆಗೆದರೂ ಸರಾಸರಿ 795, ರೋಆಸ್ 1.89. ಅಲ್ಲಾಡಲೇ ಇಲ್ಲ.

ಆ 12,600 ಏನೆಂದು ಹುಡುಕಿದೆ. ಔಟ್‌ಲೈಯರ್ ಕಂಡರೆ ಮೊದಲು ಟೆಸ್ಟ್ ಆರ್ಡರಾ, ಎರಡು ಸಲ ದಾಖಲಾಗಿದೆಯಾ, ಆಮೇಲೆ ವಾಪಸ್ ಹೋಗಿದೆಯಾ ಎಂದು ನೋಡಬೇಕು. ಇದು ಯಾವುದೂ ಅಲ್ಲ. 600ರ ನೋಟ್‌ಬುಕ್ 21 ಪ್ರತಿ, ಕೊಂಡವರು ಈ ಮೊದಲೇ ಎರಡು ಸಲ ಕೊಂಡಿದ್ದ ಗ್ರಾಹಕರು. ಅವರು ಅಂಗಡಿಗೆ ಬರುವಾಗ ಕಣ್ಣಿಗೆ ಬಿದ್ದ ಜಾಹೀರಾತನ್ನು ಒತ್ತಿ ಬಂದಿದ್ದಾರೆ, ಅಷ್ಟೇ. ದುಡ್ಡು ನಿಜ, ಹಾಗಾಗಿ ಮಾರಾಟದ ಲೆಕ್ಕದಿಂದ ಅದನ್ನು ಅಳಿಸಬಾರದು. ಆದರೆ ಮುಂದಿನ 20 ಹೊಸಬರಲ್ಲಿ ಒಬ್ಬರು 21 ಪ್ರತಿ ಕೊಳ್ಳುತ್ತಾರೆ ಎಂದು ಬಜೆಟ್ ಹಾಕುವುದಕ್ಕೆ ಅದು ಆಧಾರವಲ್ಲ. ಹಾಗಾಗಿ ಅಳಿಸದೆ ‘ಸಗಟು, ಹಳೇ ಗ್ರಾಹಕ’ ಎಂದು ಗುರುತು ಹಾಕಿ, ಎರಡೂ ಅಂಕಿ ಪಕ್ಕಪಕ್ಕ ಇಟ್ಟಿದ್ದೇನೆ.

ಇದನ್ನು ಓದಿ ಸರಾಸರಿಯನ್ನೇ ಬಿಸಾಡಿ ಮೀಡಿಯನ್ ಹಿಡಿದುಕೊಂಡರೆ ಇನ್ನೊಂದು ಹಳ್ಳ ಕಾದಿದೆ. ಲೆಕ್ಕಕ್ಕೆ ಹೀಗೊಂದು ಕ್ಯಾಂಪೇನ್ ಇಟ್ಟುಕೊಳ್ಳಿ: 100 ಆರ್ಡರ್, ಅದರಲ್ಲಿ 90 ಆರ್ಡರ್ 400ರದ್ದು, 10 ಆರ್ಡರ್ 4,000ದ್ದು. ಸರಾಸರಿ 760, ಮೀಡಿಯನ್ 400. ಒಂದು ಆರ್ಡರ್ ತರಲು ಜಾಹೀರಾತಿಗೆ 400 ಖರ್ಚಾದರೆ, ಮೀಡಿಯನ್ ಪ್ರಕಾರ ಕೈಗೆ 240 ಮಾತ್ರ, ನಿಲ್ಲಿಸಿಬಿಡಬೇಕು ಅನ್ನಿಸುತ್ತದೆ. ಸರಾಸರಿ ಪ್ರಕಾರ 456, ಲಾಭವೇ ಇದೆ. ಇಲ್ಲಿ ಸರಾಸರಿಯೇ ಸರಿ, ಏಕೆಂದರೆ ಗಲ್ಲಾಪೆಟ್ಟಿಗೆಗೆ ಬೀಳುವುದು ಒಟ್ಟು ಮೊತ್ತ, ಅದು ಸರಾಸರಿಗೆ ಅಂಟಿಕೊಂಡಿದೆ. ದೊಡ್ಡದೊಂದನ್ನು ತೆಗೆದರೂ ಸರಾಸರಿ 727. ಸರಾಸರಿಗೂ ಮೀಡಿಯನ್‌ಗೂ ದೂರ ಇದ್ದ ಮಾತ್ರಕ್ಕೆ ಕ್ಯಾಂಪೇನ್ ಕೆಟ್ಟದ್ದಲ್ಲ. ಆ ದೂರವನ್ನು ಒಂದೇ ಆರ್ಡರ್ ಮಾಡಿದೆಯಾ, ಮತ್ತೆ ಮತ್ತೆ ಬರುವ ಹತ್ತು ಆರ್ಡರ್ ಮಾಡಿವೆಯಾ ಎಂದು ನೋಡಬೇಕು.

ಮೀಡಿಯನ್‌ಗೂ ಅದರದೇ ತಂಟೆ ಇದೆ. ಮೇಲಿನ 500 ಎಂಬ ಬೆಲೆಯನ್ನು ಯಾರೂ ಕೊಟ್ಟೇ ಇಲ್ಲ! ಅದು 400 ಮತ್ತು 600ರ ನಡುವೆ ಬಿದ್ದ ಅಂಕಿ. ಇನ್ನೊಂದು 400ರ ಆರ್ಡರ್ ಬಂದರೆ ಮೀಡಿಯನ್ 400 ಆಗುತ್ತದೆ, 600ರದ್ದು ಬಂದರೆ 600ಕ್ಕೆ ಹಾರುತ್ತದೆ. ಬೆಲೆಗಳು ಎರಡು ಗುಂಪಾಗಿದ್ದಾಗ, ಆರ್ಡರ್ ಕಡಿಮೆ ಇದ್ದಾಗ, ಈ ಹಾರಾಟ ನೋಡಿ ‘ಗ್ರಾಹಕರು ಬದಲಾದರು’ ಎಂದುಕೊಳ್ಳಬೇಡಿ. ಅದಕ್ಕೇ ಶೀಟ್‌ನಲ್ಲಿ ಪ್ರತಿ ಕ್ಯಾಂಪೇನ್‌ಗೆ ಒಂದು ಹಿಸ್ಟೋಗ್ರಾಮ್ ಇಟ್ಟಿದ್ದೇನೆ. ಗುಂಪು ಎಲ್ಲಿದೆ, ಒಂಟಿ ಎಲ್ಲಿದೆ ಎಂದು ಒಂದೇ ನೋಟಕ್ಕೆ ಗೊತ್ತಾಗುತ್ತದೆ.

ಈ ನಡುವೆ ಮುಂದಿನ ಪ್ರಾಜೆಕ್ಟ್ ತಲೆಗೆ ಹೊಕ್ಕಿದೆ. ಇದ್ದ 20 ಆರ್ಡರ್‌ಗಳಿಂದಲೇ ಹಿಂದಕ್ಕೆ ಹಾಕಿ ಮತ್ತೆ ಎತ್ತುತ್ತಾ, ಸಾವಿರ ಸಲ 20-20 ಆರಿಸಿ ಪ್ರತಿ ಸಲ ಸರಾಸರಿ ತೆಗೆಯುವ ಸಣ್ಣ ಸ್ಕ್ರಿಪ್ಟ್. ಬಿಡಿ ಕ್ಯಾಂಪೇನ್‌ಗೆ ಅದನ್ನು ಓಡಿಸಿದರೆ ಸುಮಾರು ಮೂರರಲ್ಲಿ ಒಂದು ಸಲ ಆ 12,600 ಸಿಗುವುದೇ ಇಲ್ಲ, ಆಗ ಸರಾಸರಿ 500ರ ಆಸುಪಾಸಿಗೇ ಬೀಳುತ್ತದೆ. ಅದನ್ನು ಮುಂದಿನ ಸಲ ಗ್ರಾಫ್ ಸಮೇತ ಹಾಕುತ್ತೇನೆ.

ಸದ್ಯಕ್ಕೆ ಬಿಡಿಯ ದಿನದ ಬಜೆಟ್ ಅರ್ಧಕ್ಕೆ ಇಳಿಸಿದ್ದೇನೆ, ಸೆಟ್‌ಗೆ ಸ್ವಲ್ಪ ಏರಿಸಿದ್ದೇನೆ. ಸಗಟಾಗಿ ಕೊಳ್ಳುವವರಿಗೆ ಬೇರೆ ಪುಟ, ಬೇರೆ utm_campaign. ಅಂಥ ಆರ್ಡರ್ ಇನ್ನೂ ನಾಲ್ಕೈದು ಬಂದರೆ ಅದಕ್ಕೇ ಒಂದು ಕ್ಯಾಂಪೇನ್ ತೆರೆಯಬೇಕು.