ಉಳಿ ಸಾಣೆಯ ಶಾರ್ಟ್: 22 ಹ್ಯಾಶ್‌ಟ್ಯಾಗ್‌ನಿಂದ ಮೂರಕ್ಕೆ ಇಳಿದ ಲೆಕ್ಕ

ಮರಗೆಲಸದ ಕೈ ಉಪಕರಣಗಳ ಯೂಟ್ಯೂಬ್ ಶಾರ್ಟ್ಸ್ ಸರಣಿಯಲ್ಲಿ ಶೂಟಿಂಗ್, ಕಟಿಂಗ್, ಸೌಂಡು, ಕ್ಯಾಪ್ಷನ್ ಎಲ್ಲ ಒಂದು ಹದಕ್ಕೆ ಬಂದಿದೆ. ಅದನ್ನೆಲ್ಲ ಇಲ್ಲಿ ಮತ್ತೆ ಕೊರೆಯುವುದಿಲ್ಲ. ತಲೆ ತಿಂದದ್ದು ಅಪ್‌ಲೋಡ್ ಪುಟದ ಕೊನೆಯ ಸಾಲುಗಳು, ಅಂದರೆ ಹ್ಯಾಶ್‌ಟ್ಯಾಗ್. ಉಳಿಗೆ ಸಾಣೆ ಹಿಡಿಯುವ ನಲವತ್ತು ಸೆಕೆಂಡಿನ ಶಾರ್ಟ್‌ಗೆ ಈ ಗಂಟು ಅಂಟಿಕೊಂಡಿತ್ತು:

```
#shorts #short #shortsfeed #viral #viralvideo
#trending #trendingshorts #fyp #foryou #reels #explore
#asmr #satisfying #diy #lifehacks #motivation
#woodworking #woodwork #carpentry #chisel
#sharpening #handtools
```

ಎಣಿಸಿದರೆ 22. ಮೊದಲ ಎರಡು ಸಾಲಿನ ಹನ್ನೊಂದು ಟ್ಯಾಗ್‌ಗಳು ವಿಡಿಯೊದಲ್ಲಿ ಏನಿದೆ ಎಂದು ಒಂದಕ್ಷರವನ್ನೂ ಹೇಳುವುದಿಲ್ಲ. ಅವುಗಳಲ್ಲಿ `#fyp`, `#reels` ಬೇರೆ ಆ್ಯಪ್‌ಗಳಿಂದ ವಲಸೆ ಬಂದವು. ಯೂಟ್ಯೂಬ್‌ನಲ್ಲಿ `#reels` ಹಾಕುವುದೆಂದರೆ ಪಕ್ಕದ ಅಂಗಡಿಯ ಬೋರ್ಡನ್ನು ನಮ್ಮ ಬಾಗಿಲಿಗೆ ನೇತುಹಾಕಿದ ಹಾಗೆ. ನಡುವಿನ ಐದು ಟ್ಯಾಗ್‌ಗಳು ಬೇರೆ ಬೇರೆ ಜನರನ್ನು ಕರೆಯುತ್ತವೆ. ಕೊನೆಯ ಆರು ಮಾತ್ರ ವಿಷಯಕ್ಕೆ ಸಂಬಂಧಪಟ್ಟವು. ಆ ಆರರಲ್ಲೂ `#woodworking`, `#woodwork`, `#carpentry` ಹೆಚ್ಚುಕಮ್ಮಿ ಒಂದೇ ಮಾತನ್ನು ಮೂರು ಸಲ ಹೇಳುತ್ತವೆ.

`#shorts` ಹಾಕದಿದ್ದರೆ ಶಾರ್ಟ್ಸ್ ಫೀಡಿಗೆ ಹೋಗುವುದಿಲ್ಲ ಎಂಬ ನಂಬಿಕೆ ಇನ್ನೂ ಗಟ್ಟಿಯಾಗಿ ಓಡಾಡುತ್ತಿದೆ. ಯಾವುದು ಶಾರ್ಟ್ ಎಂದು ಯೂಟ್ಯೂಬ್ ತೀರ್ಮಾನಿಸುವುದು ಆಕಾರ ಮತ್ತು ಅವಧಿ ನೋಡಿ. 2024ರ ಅಕ್ಟೋಬರ್ 15ರಿಂದೀಚೆಗೆ ಅಪ್‌ಲೋಡ್ ಆದ, ಲಂಬ ಅಥವಾ ಚೌಕಾಕಾರದ, ಮೂರು ನಿಮಿಷದೊಳಗಿನ ವಿಡಿಯೊ ತಾನಾಗಿಯೇ ಶಾರ್ಟ್ ಆಗುತ್ತದೆ. ಹಾಗಾಗಿ `#shorts` ಮತ್ತು ಅದರ ಬಂಧುಬಳಗವನ್ನು ಯೋಚನೆಯಿಲ್ಲದೆ ಅಳಿಸಬಹುದು.

ಈಗ ಹಟಮಾರಿ ಪ್ರಶ್ನೆ. ಟ್ಯಾಗ್ ಜಾಸ್ತಿಯಾದರೆ ರೀಚ್ ಯಾಕೆ ಬೀಳಬೇಕು? ಸಿಕ್ಕರೆ ಲಾಭ, ಸಿಗದಿದ್ದರೆ ನಷ್ಟವೇನು ಎಂಬ ವಾದ ಕೇಳಲು ಸರಿಯಾಗಿಯೇ ಇದೆ.

ಕಣ್ಣಿಗೆ ಕಾಣುವ ನಿಯಮ ಒಂದಿದೆ. ಒಂದು ವಿಡಿಯೊದಲ್ಲಿ 60ಕ್ಕಿಂತ ಹೆಚ್ಚು ಹ್ಯಾಶ್‌ಟ್ಯಾಗ್ ಇದ್ದರೆ ಯೂಟ್ಯೂಬ್ ಎಲ್ಲವನ್ನೂ ಕಡೆಗಣಿಸುತ್ತದೆ. ಅರವತ್ತೊಂದನೆಯದನ್ನು ಮಾತ್ರ ಬಿಡುವುದಿಲ್ಲ, ಮೊದಲನೆಯದನ್ನೂ ಸೇರಿಸಿ ಪೂರ್ತಿ ಗಂಟೇ ಹೋಗುತ್ತದೆ. ಅತಿಯಾಗಿ ತುಂಬಿದರೆ, ಅಥವಾ ವಿಡಿಯೊಗೆ ಸಂಬಂಧವಿಲ್ಲದ ಟ್ಯಾಗ್ ಹಾಕಿ ದಾರಿ ತಪ್ಪಿಸಿದರೆ, ವಿಡಿಯೊವನ್ನೇ ತೆಗೆಯಬಹುದು ಎಂದೂ ನಿಯಮದಲ್ಲಿದೆ. ಅರವತ್ತು ಯಾರು ಹಾಕುತ್ತಾರೆ ಎಂದು ನಗಬೇಡಿ. ಯೂಟ್ಯೂಬ್ ಸ್ಟುಡಿಯೊದ ಸೆಟ್ಟಿಂಗ್ಸ್‌ನಲ್ಲಿ ಅಪ್‌ಲೋಡ್ ಡಿಫಾಲ್ಟ್ಸ್ ಅಂತ ಒಂದಿದೆಯಲ್ಲ, ಅಲ್ಲಿನ ವಿವರಣೆಯಲ್ಲಿ ಎಂದೋ ಅಂಟಿಸಿದ ನಲವತ್ತು ಟ್ಯಾಗ್‌ಗಳು ಪ್ರತಿ ಹೊಸ ವಿಡಿಯೊದಲ್ಲೂ ಸದ್ದಿಲ್ಲದೆ ಬಂದು ಕೂರುತ್ತವೆ. ಅದರ ಮೇಲೆ ಈ 22 ಸೇರಿದರೆ 62. ಮೊದಲು ಆ ಪೆಟ್ಟಿಗೆ ತೆರೆದು ನೋಡಿ.

ಆದರೆ 22ಕ್ಕೆ ಈ ನಿಯಮ ತಾಗುವುದಿಲ್ಲ. ಇಷ್ಟು ಟ್ಯಾಗ್‌ಗೆ ಇಷ್ಟು ದಂಡ ಎಂದು ಯೂಟ್ಯೂಬ್ ಎಲ್ಲೂ ದರಪಟ್ಟಿ ಕೊಟ್ಟಿಲ್ಲ. ಇಲ್ಲಿ ಪೆಟ್ಟು ಬೀಳುವುದು ಸುತ್ತುದಾರಿಯಲ್ಲಿ.

ಶಾರ್ಟ್ಸ್ ಫೀಡಿನಲ್ಲಿ ವೀಕ್ಷಕ ಆರಿಸಿಕೊಂಡು ಬರುವುದಿಲ್ಲ, ವಿಡಿಯೊ ತಾನೇ ಅವನ ಮುಂದೆ ಬಂದು ನಿಲ್ಲುತ್ತದೆ. ಅವನು ನಿಂತು ನೋಡುತ್ತಾನೋ, ಬೆರಳಾಡಿಸಿ ಮುಂದೆ ಹೋಗುತ್ತಾನೋ ಎಂಬುದರ ಮೇಲೆ ಮುಂದಿನ ಹಂಚಿಕೆ ನಿಂತಿದೆ. ಹೊಸ ಚಾನೆಲ್ಲಿಗೆ ಹಳೆಯ ವೀಕ್ಷಕರ ಇತಿಹಾಸ ಇರುವುದಿಲ್ಲ. ಆಗ ವಿಡಿಯೊ ಯಾರಿಗೆ ಹಿಡಿಸಬಹುದು ಎಂದು ಊಹಿಸಲು ಶೀರ್ಷಿಕೆ, ಮಾತು, ಚಿತ್ರಗಳ ಜೊತೆಗೆ ಹ್ಯಾಶ್‌ಟ್ಯಾಗ್ ಕೂಡ ಒಂದು ಸಣ್ಣ ಸುಳಿವು. ಒಂದೇ ದಿಕ್ಕು ತೋರಿಸಿದರೆ ಆ ಸುಳಿವು ಉಪಯೋಗಕ್ಕೆ ಬರುತ್ತದೆ. ಐದು ದಿಕ್ಕು ತೋರಿಸಿದರೆ ಇದ್ದೂ ಇಲ್ಲದ ಹಾಗೆ, ಕೆಲವೊಮ್ಮೆ ಅದಕ್ಕಿಂತ ಕಡೆ.

ಅಂಕಿ ಹಾಕಿ ನೋಡೋಣ. ಇದು ಲೆಕ್ಕಕ್ಕಾಗಿ ಇಟ್ಟುಕೊಂಡ ಅಂಕಿ, ಯಾರ ಚಾನೆಲ್ಲಿನದ್ದೂ ಅಲ್ಲ. ಉಳಿ ಸಾಣೆಯ ಶಾರ್ಟ್ ಮೊದಲ ಸುತ್ತಿನಲ್ಲಿ 500 ಜನರ ಮುಂದೆ ಬಂತು ಎನ್ನಿ. ಐನೂರೂ ಮಂದಿ ಮರಗೆಲಸದ ಆಸಕ್ತರಾಗಿದ್ದು ನೂರಕ್ಕೆ 75 ಜನ ನಿಂತರೆ 375 ಮಂದಿ ನೋಡಿದ ಹಾಗಾಯಿತು. ಈಗ ಗುಂಪು ಕಲಸುಮೇಲೋಗರವಾಗಿ, 200 ಜನ ಮಾತ್ರ ಮರಗೆಲಸದವರು, ಉಳಿದ 300 ಜನ ಸ್ಫೂರ್ತಿಯ ಮಾತಿಗೋ ಮನೆ ಉಪಾಯಗಳಿಗೋ ಕಾದವರು ಎನ್ನಿ. ಮೊದಲ ಗುಂಪಿನಲ್ಲಿ ಅದೇ 75ರ ದರದಲ್ಲಿ 150 ಜನ ನಿಲ್ಲುತ್ತಾರೆ. ಎರಡನೆಯದರಲ್ಲಿ ನೂರಕ್ಕೆ 40ರಂತೆ 120. ಒಟ್ಟು 270, ಅಂದರೆ ಶೇ 54. ವಿಡಿಯೊ ಅದೇ, ಸಾಣೆಕಲ್ಲೂ ಅದೇ, ಆದರೂ ಅಂಕಪಟ್ಟಿಯಲ್ಲಿ 75 ಇದ್ದದ್ದು 54 ಆಯಿತು. ಎರಡನೇ ಸುತ್ತು ಚಿಕ್ಕದಾಗುವುದಕ್ಕೆ ಇಷ್ಟು ಸಾಕು.

ಚಾನೆಲ್ಲಿಗೆ ಸ್ಥಿರವಾದ ವೀಕ್ಷಕರಿದ್ದರೆ ಈ ಪೆಟ್ಟು ಅಷ್ಟು ಜೋರಾಗಿ ಬೀಳಲಾರದು, ಯಾಕೆಂದರೆ ಅವರ ನಡವಳಿಕೆ ಟ್ಯಾಗಿಗಿಂತ ದೊಡ್ಡ ಸುಳಿವು. ದೊಡ್ಡ ಚಾನೆಲ್ಲುಗಳು ಮೂವತ್ತು ಟ್ಯಾಗ್ ಸುರಿದೂ ಓಡುತ್ತವಲ್ಲ ಎಂಬ ಮಾತಿಗೆ ಉತ್ತರ ಇದೇ. ಅವು ಓಡುತ್ತಿರುವುದು ಟ್ಯಾಗಿನಿಂದ ಅಲ್ಲ.

ಎರಡನೇ ಪೆಟ್ಟು ಜಾಗದ್ದು. ಶೀರ್ಷಿಕೆಗೆ ಸಿಗುವುದೇ 100 ಅಕ್ಷರ, ಫೋನಿನ ಪರದೆಯಲ್ಲಿ ಕಾಣುವುದು ಅದಕ್ಕಿಂತ ಕಡಿಮೆ. ‘ಉಳಿಯ ಹಿಂಬದಿ ಯಾಕೆ ಸಪಾಟಾಗಿರಬೇಕು’ ಎಂದು ಬರೆದರೆ ಬೆರಳು ನಿಲ್ಲುವ ಸಾಧ್ಯತೆ ಇದೆ. `#viral #trending #satisfying` ಕಂಡು ಇದುವರೆಗೆ ಯಾವ ಬೆರಳೂ ನಿಂತಿರಲಾರದು. ಅದೂ ಅಲ್ಲದೆ ಪ್ರತಿ ಹ್ಯಾಶ್‌ಟ್ಯಾಗೂ ಒಂದು ಲಿಂಕ್. ಒತ್ತಿದವನು ಹೋಗುವುದು ಬೇರೆಯವರ ವಿಡಿಯೊಗಳ ಪುಟಕ್ಕೆ.

ಸರಿ, ಎಷ್ಟು ಉಳಿಸಿಕೊಳ್ಳಬೇಕು? ಯೂಟ್ಯೂಬ್ ಶೀರ್ಷಿಕೆಯ ಬಳಿ ತೋರಿಸುವುದು ಹೆಚ್ಚೆಂದರೆ ಮೂರು ಹ್ಯಾಶ್‌ಟ್ಯಾಗ್. ಇನ್‌ಸ್ಟಾಗ್ರಾಂ ಬಹುಕಾಲ 30ರವರೆಗೆ ಬಿಟ್ಟಿತ್ತು, ಆದರೆ ಅದರದೇ ಕ್ರಿಯೇಟರ್ಸ್ ಖಾತೆ 2021ರಲ್ಲೇ ಕೊಟ್ಟ ಸಲಹೆ ಮೂರರಿಂದ ಐದು. ಹ್ಯಾಶ್‌ಟ್ಯಾಗನ್ನು ಫಾಲೋ ಮಾಡುವ ಸೌಲಭ್ಯವನ್ನೂ ಅದು 2024ರ ಡಿಸೆಂಬರಿನಲ್ಲಿ ತೆಗೆದುಹಾಕಿತು. ಹಾಗಾಗಿ ಈ ಸರಣಿಗೆ ಮೂರು. ವಿಷಯ ನಿಜಕ್ಕೂ ಎರಡು ಕ್ಷೇತ್ರಗಳಿಗೆ ಸೇರಿದ್ದರೆ ಐದು. ಐದು ದಾಟಲು ಕಾರಣ ಹುಡುಕಿದರೂ ಸಿಗುತ್ತಿಲ್ಲ.

ಮೂರನ್ನು ಆರಿಸುವುದು ಮಾತ್ರ ನಿಧಾನದ ಕೆಲಸ. ಒಂದು ಅಗಲವಾದದ್ದು, ಒಂದು ಮಧ್ಯಮ, ಒಂದು ಕಿರಿದಾದದ್ದು ಎಂಬ ಲೆಕ್ಕದಲ್ಲಿ `#woodworking`, `#handtools` ಬೇಗ ಗಟ್ಟಿಯಾದವು. ಮೂರನೆಯದು ಕಾಡಿತು. `#sharpening` ಸರಿಹೊಂದುತ್ತದೆ ಅನ್ನಿಸುತ್ತದೆ, ಆದರೆ ಅಡುಗೆಮನೆಯ ಚಾಕು ಹರಿತ ಮಾಡುವವರೂ ಅದೇ ಟ್ಯಾಗ್ ಹಾಕುತ್ತಾರೆ. ಚಾಕು ನೋಡಲು ಬಂದವನಿಗೆ ಉಳಿಯ ಕೋನ ಕಟ್ಟಿಕೊಂಡು ಏನಾಗಬೇಕು? ಬರೀ `#chisel` ಅಂದರೆ ಕಲ್ಲು ಕೆತ್ತುವವರೂ ಬಂದು ಸೇರುತ್ತಾರೆ. ಕೊನೆಗೆ ಎರಡನ್ನೂ ಬೆಸೆದು `#chiselsharpening`. ನಡುವೆ ಜಾಗ ಬಿಟ್ಟರೆ ಟ್ಯಾಗ್ ಮೊದಲ ಪದಕ್ಕೇ ಮುಗಿದುಹೋಗುತ್ತದೆ, ಬಿಡಬೇಡಿ. ಯಾವುದೇ ಟ್ಯಾಗ್ ಒಪ್ಪುವ ಮೊದಲು ಅದರ ಪುಟ ತೆರೆದು ಮೇಲಿನ ಹತ್ತು ವಿಡಿಯೊ ನೋಡುವುದು ಸುಲಭದ ಪರೀಕ್ಷೆ. ನಮ್ಮ ವಿಡಿಯೊವನ್ನು ಅವುಗಳ ನಡುವೆ ಇಟ್ಟರೆ ಅದೇ ವೀಕ್ಷಕ ನಿಂತು ನೋಡುತ್ತಾನೆಯೇ? ಅನುಮಾನ ಬಂದರೆ ಆ ಟ್ಯಾಗ್ ಬೇಡ.

ಈ ಟ್ಯಾಗ್ ಗಂಟು ಮಾರುವವರ ಬಗ್ಗೆ ಎರಡು ಮಾತು ಆಡದಿದ್ದರೆ ಊಟ ಅರಗುವುದಿಲ್ಲ. ‘ಐನೂರು ವೈರಲ್ ಹ್ಯಾಶ್‌ಟ್ಯಾಗ್’ ಎಂಬ ಪಿಡಿಎಫ್ ತೆರೆದರೆ ಅದರಲ್ಲಿ ಮದುವೆ, ಜಿಮ್, ನಾಯಿಮರಿ, ಷೇರುಪೇಟೆ ಎಲ್ಲಕ್ಕೂ ಒಂದೇ ಪಟ್ಟಿ. ಉಳಿಗೂ ನಾಯಿಮರಿಗೂ ಒಂದೇ ಔಷಧಿ ಕೊಡುವ ವೈದ್ಯನ ಹತ್ತಿರ ಯಾರಾದರೂ ಎರಡನೇ ಸಲ ಹೋಗುತ್ತಾರೆಯೇ? ಇಲ್ಲಿ ಮಾತ್ರ ಸರದಿ ನಿಲ್ಲುತ್ತಾರೆ. ಇಂಥ ಪಟ್ಟಿಗಳು ಸ್ಟುಡಿಯೊದ ಟ್ಯಾಗ್ಸ್ ಪೆಟ್ಟಿಗೆಯನ್ನೂ ಹ್ಯಾಶ್‌ಟ್ಯಾಗನ್ನೂ ಒಂದೇ ಮಾಡಿಬಿಡುತ್ತವೆ. 500 ಅಕ್ಷರದ ಆ ಪೆಟ್ಟಿಗೆ ವೀಕ್ಷಕನಿಗೆ ಕಾಣದ ಬೇರೆಯೇ ಸಂಗತಿ, ಅದರ ಮುಖ್ಯ ಉಪಯೋಗ ಹುಡುಕುವಾಗ ಜನ ತಪ್ಪಾಗಿ ಬರೆಯುವ ಪದಗಳಿಗೆ.

ಬದಲಾವಣೆಯಿಂದ ಉಪಯೋಗವಾಯಿತೇ ಎಂದು ಅಳೆಯುವಲ್ಲಿ ದೊಡ್ಡ ಗುಂಡಿ ಇದೆ. ಪ್ರಕಟವಾದ ವಿಡಿಯೊದ ಟ್ಯಾಗ್ ಕತ್ತರಿಸಿ ವೀಕ್ಷಣೆ ಏರಿತೇ ಎಂದು ನೋಡುವುದು ಪರೀಕ್ಷೆಯೇ ಅಲ್ಲ, ಮೊದಲ ಸುತ್ತು ಆಗಲೇ ಮುಗಿದಿರುತ್ತದೆ. ಅದೇ ವಿಡಿಯೊವನ್ನು ಮತ್ತೆ ಏರಿಸಿದರೂ ಹೋಲಿಕೆ ಕೆಡುತ್ತದೆ. ಒಂದೇ ಜಾತಿಯ, ಒಂದೇ ಉದ್ದದ ಹತ್ತು ಶಾರ್ಟ್ ತೆಗೆದುಕೊಂಡು ಒಂದು ಬಿಟ್ಟು ಒಂದಕ್ಕೆ ಮೂರು ಟ್ಯಾಗ್, ಉಳಿದವಕ್ಕೆ ಹದಿನೈದು ಹಾಕಿ, ಏಳು ದಿನ ಬಿಟ್ಟು ನೋಡುವುದು ಹೆಚ್ಚು ನ್ಯಾಯದ ದಾರಿ. ಹತ್ತು ವಿಡಿಯೊದಿಂದ ಸಣ್ಣ ವ್ಯತ್ಯಾಸ ತಿಳಿಯುವುದಿಲ್ಲ; ಐದು ಜೋಡಿಯಲ್ಲಿ ಐದೂ ಒಂದೇ ಕಡೆ ವಾಲಿದರೆ ಮಾತ್ರ ನಂಬಿ.

ನೋಡಬೇಕಾದ ಅಂಕಿ ವೀಕ್ಷಣೆಯದ್ದಲ್ಲ. 2025ರ ಮಾರ್ಚ್ 31ರಿಂದ ಶಾರ್ಟ್ ಶುರುವಾದರೂ ಸಾಕು, ಮತ್ತೆ ಸುತ್ತಿ ಬಂದರೂ ಸಾಕು, ಅದು ಒಂದು ವ್ಯೂ. ಹಳೆಯ ಅಳತೆ ‘ಎಂಗೇಜ್ಡ್ ವ್ಯೂಸ್’ ಎಂಬ ಹೆಸರಲ್ಲಿ ಅನಲಿಟಿಕ್ಸ್‌ನ ಅಡ್ವಾನ್ಸ್ಡ್ ಮೋಡ್‌ನಲ್ಲಿದೆ. ಅದನ್ನೂ, ನಿಂತವರು–ಸರಿಸಿದವರು ಎಂಬ ಪಾಲನ್ನೂ ಬರೆದುಕೊಳ್ಳಿ. ಟ್ರಾಫಿಕ್ ಮೂಲಗಳಲ್ಲಿ ಹ್ಯಾಶ್‌ಟ್ಯಾಗ್ ಪುಟಗಳಿಗೆ ಬೇರೆ ಸಾಲೇ ಇದೆ. ಹದಿನೈದು ಟ್ಯಾಗ್ ಹಾಕಿಯೂ ಆ ಸಾಲು ಸೊನ್ನೆಯ ಹತ್ತಿರವೇ ಉಳಿದು ನಿಂತವರ ಪಾಲು ಇಳಿದಿದ್ದರೆ, ಟ್ಯಾಗ್‌ಗಳು ಯಾರನ್ನೂ ಕರೆತರದೆ ಗುಂಪನ್ನು ಕಲಸಿವೆ ಎಂಬ ಅನುಮಾನ ಗಟ್ಟಿಯಾಗುತ್ತದೆ. ನಿಂತವರ ಪಾಲು ಎರಡೂ ಗುಂಪಿನಲ್ಲಿ ಒಂದೇ ಇದ್ದು ಎರಡೂ ಮಲಗಿದ್ದರೆ ಟ್ಯಾಗ್ ನಿರ್ದೋಷಿ. ಮೊದಲ ಎರಡು ಸೆಕೆಂಡಿನ ದೃಶ್ಯವನ್ನು ವಿಚಾರಣೆಗೆ ಕರೆಯಿರಿ.

ಮುಂದಿನ ಹಟ ಆಗಲೇ ತಲೆಯಲ್ಲಿ ಕೂತಿದೆ: ಕನ್ನಡ ಲಿಪಿಯ ಟ್ಯಾಗ್. ಗುಣಿತಾಕ್ಷರ, ಒತ್ತಕ್ಷರ ತೊಂದರೆ ಕೊಡಬಾರದು. ತರ್ಲೆ ಮಾಡುವುದು ಅರ್ಧಾಕ್ಷರದ ಮುಂದೆ ಒತ್ತು ಕೂರದಂತೆ ಕೀಬೋರ್ಡ್ ತುರುಕುವ ಕಾಣದ ಅಕ್ಷರ, ಯೂನಿಕೋಡ್‌ನ `U+200C`. ಇದನ್ನು ಪದದ ಭಾಗವೆಂದು ಎಲ್ಲ ಆ್ಯಪ್‌ಗಳೂ ಎಣಿಸಲಿಕ್ಕಿಲ್ಲ, ಆದ್ದರಿಂದ ಟ್ಯಾಗ್ ಅಲ್ಲಿಗೇ ತುಂಡಾಗುವ ಅಪಾಯವಿದೆ. `#ಹ್ಯಾಂಡ್‌ಟೂಲ್ಸ್` ಎಂದು ಬರೆದದ್ದು `#ಹ್ಯಾಂಡ್` ಆಗಿ ಉಳಿದರೆ ಕೈ ಮಾತ್ರ ಬಂತು, ಉಪಕರಣ ಹೊರಗೆ. ಅಂಥ ಜೋಡಣೆಯೇ ಬೇಡದ `#ಮರಗೆಲಸ`, `#ಉಳಿಸಾಣೆ` ಮೊದಲ ಸರದಿಗೆ ಗೊತ್ತಾಗಿವೆ. ವಿಡಿಯೊವನ್ನು ಖಾಸಗಿಯಾಗಿ ಏರಿಸಿ, ವಿವರಣೆಯಲ್ಲಿ ಟ್ಯಾಗಿನ ನೀಲಿ ಬಣ್ಣ ಕೊನೆಯ ಅಕ್ಷರದವರೆಗೂ ಹೋಗಿದೆಯೇ ಎಂದು ನೋಡಿ, ಆಮೇಲೆ ಒತ್ತಿ ಯಾವ ಪುಟ ತೆರೆಯುತ್ತದೆ ಎಂದು ಪರೀಕ್ಷಿಸುವುದು ಯೋಜನೆ. ಮೂರು ಟ್ಯಾಗ್‌ಗಳಲ್ಲಿ ಒಂದನ್ನು ಕನ್ನಡಕ್ಕೆ ಕೊಡಬೇಕೋ, ಮಾತೂ ಕನ್ನಡದ್ದೇ ಆದ ಶಾರ್ಟ್‌ಗಳಲ್ಲಿ ಎರಡನ್ನು ಕೊಡಬೇಕೋ ಎಂಬುದು ಅದೇ ಹತ್ತರ ಪರೀಕ್ಷೆಯ ಮುಂದಿನ ಸುತ್ತಿಗೆ.